ಖಂಡೇಪೂಜಿ ದಿನ ಚೆಂಡುಹೂವಿನ ಹಾರದಾಗ ನಿಜವಾಗಿ ಎಷ್ಟು ಉಳಿತೈತಿ? ಕಿಲೋದಿಂದ ಮೊಳದ ತನಕ ಒಂದು ಲೆಕ್ಕ

ಬಾಗಲಕೋಟಿ ನವನಗರದಾಗ ನಮ್ಮ ಚಿಗವ್ವ ಹೂವಿನ ವ್ಯಾಪಾರ ಮಾಡ್ತಾಳ, ದಿನಾ ಅಲ್ಲ, ಹಬ್ಬ ಹುಣ್ಣಿಮಿಗೆ ಅಷ್ಟ. ಹೋದ ವರ್ಷ ಖಂಡೇಪೂಜಿ ಮುಂದ ನಾನೂ ಅಕಿ ಜೊತಿಗೆ ಕುಂತಿದ್ದೆ, ಕೈಯಾಗ ಒಂದು ನೋಟ್‌ಬುಕ್ ಹಿಡ್ಕೊಂಡು, ಯಾಕಂದ್ರ ಪ್ರತಿ ವರ್ಷ ಅಕಿ ಹೇಳೋ ಮಾತು ಒಂದ: "70ಕ್ಕ ಕಿಲೋ ತಂದ್ವಿ, 60ಕ್ಕ ಒಂದು ಹಾರ ಮಾರಿದ್ವಿ, ಒಂದು ಕಿಲೋಕ್ಕ ನಾಕು ಹಾರ ಆಗ್ತಾವ, ಆದ್ರೂ ರಾತ್ರಿ ಡಬ್ಬಿ ತೆಗದ್ರ ರೊಕ್ಕ ಯಾಕ ಇಷ್ಟ ಅದಾವ?" ನೋಡಾಕ ಹೋದ್ರ 70 ರೂಪಾಯಿ ಹಾಕಿ 240 ತಗದಂಗ ಕಾಣ್ತೈತಿ, ಮೂರು ಪಟ್ಟಿಗಿಂತ ಜಾಸ್ತಿ. ಹಾರ ಕೊಳ್ಳಾಕ ಬಂದ ಗಿರಾಕಿಗೂ ಹಂಗ ಅನಸ್ತೈತಿ, ಅದಕ್ಕ ಚೌಕಾಶಿ ಮಾಡ್ತಾರ. ಆದ್ರ ಆ ಲೆಕ್ಕದಾಗ ಕಾಣದಂಗ ಕುಂತಿರೋ ಖರ್ಚು ಭಾಳ ಅದಾವ, ಅವನ್ನ ಒಂದೊಂದ ಬಿಡಿಸಿ ನೋಡೋಣ. ಕೆಳಗಿನ ರೇಟ್ ಎಲ್ಲಾ ನಮ್ಮ ಆ ಒಂದ ದಿನದ್ದು, ನಿಮ್ಮ ಊರಾಗ ಬ್ಯಾರೆ ಇರಬಹುದು, ಲೆಕ್ಕ ಹಾಕೋ ದಾರಿ ಮಾತ್ರ ಇದ.

ಮೊದಲ ಖರೀದಿ. ನಾವು ಎರಡು ಸರ್ತಿ ಹೂ ತಂದ್ವಿ. ಹಿಂದಿನ ದಿನ ರಾತ್ರಿ 9ಕ್ಕ 30 ಕಿಲೋ, ಕಿಲೋಕ್ಕ 70ರಂಗ 2100 ರೂಪಾಯಿ. ಹಬ್ಬದ ದಿನ ನಸಕಿನ್ಯಾಗ 5ಕ್ಕ ಮತ್ತ 20 ಕಿಲೋ, ಅಷ್ಟರಾಗ ರೇಟ್ 100ಕ್ಕ ಏರಿತ್ತು, ಅದಕ್ಕ 2000. ಒಟ್ಟು 50 ಕಿಲೋ, 4100 ರೂಪಾಯಿ. ಸರಾಸರಿ ಕಿಲೋಕ್ಕ 82 ಬಿತ್ತು ಅಂತ ನಾನು ಬರ್ಕೊಂಡೆ, ಚಿಗವ್ವ ಅಂದ್ಲು, "ತಡಿ ತಮ್ಮಾ, ಇನ್ನೂ ಚೀಲ ಬಿಚ್ಚಿಲ್ಲ."

ಚೀಲ ಬಿಚ್ಚಿದ ಮ್ಯಾಲ ಗೊತ್ತಾತು. ದಸರಾ ಹೊತ್ತಿಗೆ ಹಿಂಗಾರಿ ಮಳಿ ಒಮ್ಮೊಮ್ಮೆ ಬಂದ ಬರ್ತೈತಿ, ಆವತ್ತು ಸಂಜಿಕೂ ಬಂದಿತ್ತು. ಚೆಂಡುಹೂವಿನ ಎಸಳು ಒತ್ತೊತ್ತಾಗಿ ಇರ್ತಾವಲ್ಲ, ಅದರೊಳಗ ಹೋದ ನೀರು ಜಾಡಿಸಿದ್ರೂ ಲಗೂನ ಹೊರಗ ಬರಂಗಿಲ್ಲ, ತೂಕದಾಗ ಮಾತ್ರ ಬರ್ತೈತಿ. ಅಂದ್ರ ನೀವು ನೀರಿಗೂ 70ರಂಗ ಕೊಟ್ಟೀರಿ. ಅದರ ಮ್ಯಾಲ ಉದ್ದನ ತೊಟ್ಟು, ನಡುವ ಕಂದು ಬಣ್ಣ ತಿರುಗಿದ್ದು, ಚೀಲದ ತಳಕ್ಕ ಒತ್ತಿ ಜಜ್ಜಿದ್ದು, ಇವೆಲ್ಲಾ ಆರಿಸಿ ತಗದ್ರ ರಾತ್ರಿ ತಂದ 30 ಕಿಲೋದಾಗ ನಾಕೂವರಿ ಕಿಲೋ ಹೋತು, ಉಳಿದಿದ್ದು 25 ಕಿಲೋ 500 ಗ್ರಾಂ. ನಸಕಿನ್ಯಾಗ ತಂದಿದ್ದು ಛಲೋ ಇತ್ತು, 20ರಾಗ ಒಂದೂವರಿ ಕಿಲೋ ಹೋತು ಅಷ್ಟ. ಒಟ್ಟು ಹಾರಕ್ಕ ಬರೋ ಹೂ 44 ಕಿಲೋ. 4100 ರೂಪಾಯಿನ 44ರಿಂದ ಭಾಗಿಸ್ರಿ, ಕಿಲೋಕ್ಕ 93 ಚಿಲ್ಲರ ಬರ್ತೈತಿ. 82 ಅಲ್ಲ, 70 ಅಂತೂ ಅಲ್ಲವೇ ಅಲ್ಲ. ಹೂವಿನ ವ್ಯಾಪಾರದಾಗ ನಿಜವಾದ ರೇಟ್ ಅಂದ್ರ ಇದು, ಆರಿಸಿದ ಮ್ಯಾಲಿನ ರೇಟ್.

ಇದನ್ನ ಕೊಳ್ಳೋ ಮುಂಚೇನ ತಿಳ್ಕೊಳ್ಳಾಕ ಒಂದು ದಾರಿ ಐತಿ, ಎಣಿಸೋದು. ನಾವು ಕಟ್ಟೋ ನಡುತರದ ಚೆಂಡುಹೂ ಒಣಗಿದ್ರ, ಅಂದ್ರ ಬಾಡಿದ್ದಲ್ಲ, ಮ್ಯಾಲ ನೀರಿಲ್ಲದ್ದು, ಒಂದು ಸುಮಾರು 7 ಗ್ರಾಂ ತೂಗ್ತೈತಿ. ಪಾವ್ ಕಿಲೋ ತೂಗಿಸಿ ಎಣಿಸಿದ್ರ 36ರ ಆಸುಪಾಸು ಬರ್ತಾವ. ಅದ ಹೂ ತೊಯ್ದಿತ್ತಂದ್ರ ಪಾವ್ ಕಿಲೋಕ್ಕ 30 ಬಂದ್ರ ಹೆಚ್ಚು. ನಮ್ಮ ಕಟ್ಟೋ ಪದ್ಧತಿಯೊಳಗ ಒಂದು ಮೊಳಕ್ಕ 18 ಹೂ ಹಿಡಿತಾವ, ಹಂಗಾಗಿ ಒಣ ಹೂ ಕಿಲೋಕ್ಕ 8 ಮೊಳ ಆಗ್ತೈತಿ, ತೊಯ್ದಿದ್ದು ಆರೂವರಿ ಮೊಳ ದಾಟಿದ್ರ ದೊಡ್ಡದು. ಈಗ ನೋಡ್ರಿ, 70ರ ತೊಯ್ದ ಹೂ ಮೊಳಕ್ಕ ಹತ್ತೂವರಿ ರೂಪಾಯಿ ಬೀಳ್ತೈತಿ, 80ರ ಒಣ ಹೂ ಮೊಳಕ್ಕ 10 ರೂಪಾಯಿ. ಕಿಲೋಕ್ಕ 10 ರೂಪಾಯಿ ಜಾಸ್ತಿ ಕೊಟ್ಟಿದ್ದ ಸೋವಿ ಆತು. ಆದ್ರ ಎಣಿಸಿ ಹೋಲಿಸೋದು ಒಂದ ಸೈಜಿನ ಹೂವಿನಾಗ ಅಷ್ಟ ನಡಿತೈತಿ, ದೊಡ್ಡ ಹೂ ಕಿಲೋಕ್ಕ ಕಡಿಮಿ ಬಂದ್ರೂ ದಾರದ ಮ್ಯಾಲ ಜಾಗಾ ಜಾಸ್ತಿ ಹಿಡಿತೈತಿ. ಎರಡು ತರದ ಹೂ ಇದ್ರ ಎರಡರದ್ದೂ ಒಂದೊಂದು ಮೊಳ ಪೋಣಿಸಿ ತೂಗಿ ನೋಡೋದ ಖರೆ ಪರೀಕ್ಷಾ.

ಇನ್ನೊಂದು, ಕೈ ಒಳಗ ಹಾಕಿ ನೋಡೋದು. ಕಿತ್ತ ಮ್ಯಾಲೂ ಹೂ ಉಸಿರಾಡ್ತಿರ್ತೈತಿ, ಚೀಲದಾಗ ಗಚ್ಚಾಗಿ ತುಂಬಿದ್ರ ಆ ಕಾವು ಹೊರಗ ಹೋಗಾಕ ದಾರಿ ಸಿಗಂಗಿಲ್ಲ, ನಡುವಿನ ಹೂ ಬೆಂದಂಗ ಆಗ್ತಾವ. ಅದರ ಹಿಂದಿನ ವರ್ಷ ನಾವು ಇದರಾಗ ಸಿಕ್ಕಿದ್ವಿ. ಒಬ್ರ ಕಡೆ ತಂದ ಚೀಲ ಮ್ಯಾಲ ನೋಡಿದ್ರ ಬಂಗಾರ ಇದ್ದಂಗ ಹೂ, ಮನಿಗೆ ಬಂದು ಮೊಳಕೈ ಮಟ ಕೈ ಹಾಕಿದ್ರ ಒಳಗ ಬೆಚ್ಚಗ, ಆಗಷ್ಟ ಇಳಿಸಿದ ಅನ್ನದ ಬೋಗಾಣಿ ಮುಟ್ಟಿದಂಗ. ಸುರುವಿ ನೋಡಿದ್ರ ನಡುವಿನ ಹೂವೆಲ್ಲಾ ಮೆತ್ತಗ, ಎಸಳು ಹಿಡದ್ರ ಕೈಯಾಗ ಬರ್ತಿದ್ವು, ವಾಸನಿನೂ ಬ್ಯಾರೆ. ಅರ್ಧ ಚೀಲ ಚೆಲ್ಲಿದ್ವಿ. ಅವತ್ತಿನಿಂದ ಚಿಗವ್ವ ತೂಕಕ್ಕ ಹಾಕೋ ಮುಂಚೆ ಚೀಲದ ನಡುವ ಕೈ ಹಾಕ್ದ ಬಿಡಂಗಿಲ್ಲ, ಮಾರೋರು "ಯಾಕ ಅಕ್ಕಾರ, ನಂಬಿಕಿ ಇಲ್ಲೇನು" ಅಂದ್ರೂ ಅಷ್ಟ. ಮನಿಗೆ ಬಂದ ಕೂಡ್ಲೆ ಫರಸಿ ಮ್ಯಾಲ ತೆಳ್ಳಗ ಹರವಿ ಫ್ಯಾನ್ ಹಚ್ಚಬೇಕು, ನೀರು ಚಿಮಕಿಸೋದು ಹಾರ ಆದ ಮ್ಯಾಲ, ಅದೂ ಮ್ಯಾಲ ಹೊಚ್ಚಿದ ಬಟ್ಟಿಗೆ.

ಈಗ ಹಾರಕ್ಕ ಬರೋಣ. ಖಂಡೇಪೂಜಿಗೆ ಮುಖ್ಯವಾಗಿ ಎರಡು ಸೈಜ್ ಓಡ್ತಾವ. ಬೈಕಿಗೆ, ಸೈಕಲ್ಲಿಗೆ, ಹೊಲಗಿ ಮಷೀನಿಗೆ ಎರಡು ಮೊಳದ್ದು. ಕಾರು, ಟ್ರ್ಯಾಕ್ಟರ್, ಅಂಗಡಿ ಬಾಗಲಕ್ಕ ಐದು ಮೊಳದ್ದು. ಎರಡು ಮೊಳಕ್ಕ 36 ಹೂ, ಪಾವ್ ಕಿಲೋ. ಐದು ಮೊಳಕ್ಕ 90 ಹೂ, 625 ಗ್ರಾಂ. ನಮ್ಮ 44 ಕಿಲೋದಾಗ ಸಣ್ಣವು 96, ದೊಡ್ಡವು 32 ಆದ್ವು. ಸಣ್ಣವಕ್ಕ 24 ಕಿಲೋ, ದೊಡ್ಡವಕ್ಕ 20 ಕಿಲೋ. ಮೊಳದ ಲೆಕ್ಕದಾಗ ಒಟ್ಟು 352 ಮೊಳ. ಮೊಳ ಅಂದ್ರ ಕೈಯಿಂದ ಕೈಗೆ ಬ್ಯಾರೆ ಆಗ್ತೈತಿ, ಕಟ್ಟೋರು ಮೂರು ಮಂದಿ ಇದ್ರ ಮೂರು ತರದ ಹಾರ ಬರ್ತಾವ, ಅದಕ್ಕ ಕುಂಡ್ರೋ ಮಣಿ ಮ್ಯಾಲ 18 ಇಂಚಿಗೆ ಬಣ್ಣದಿಂದ ಗೆರಿ ಹೊಡದೀವಿ. ಒಂದೊಂದು ಹಾರದಾಗ ಎರಡು ಇಂಚು ಹೆಚ್ಚು ಹೋದ್ರೂ ಸಣ್ಣ ಹಾರದೊಳಗ ಎರಡು ಹೂ ಹೋದಂಗ, 96 ಹಾರಕ್ಕ 190 ಹೂ, ಅಂದ್ರ ಐದು ಹಾರ ಪುಕ್ಕಟ ಕೊಟ್ಟಂಗ.

ದಾರದ್ದು ಮಂದಿ ಲೆಕ್ಕಕ್ಕ ತಗೊಳ್ಳಂಗಿಲ್ಲ, ನಾವು ಹಾಕಿ ನೋಡಿದ್ವಿ. ಎರಡು ಮೊಳದ ಹಾರಕ್ಕ ಎರಡು ಮೊಳ ದಾರ ಸಾಲಂಗಿಲ್ಲ. ಹ್ಯಾಂಡಲ್ಲಿಗೆ ಕಟ್ಟಾಕ ಎರಡೂ ಕಡೆ ಅರ್ಧರ್ಧ ಮೊಳ ಬಾಲ ಬಿಡಬೇಕು, ಆತು ಮೂರು ಮೊಳ. ಅದನ್ನ ಜೋಡಿ ಎಳಿ ಮಾಡಿ ಪೋಣಸ್ತೀವಿ, ಆತು ಆರು ಮೊಳ, 2.7 ಮೀಟರ್. ದೊಡ್ಡ ಹಾರಕ್ಕ ಹಂಗ ಲೆಕ್ಕ ಹಾಕಿದ್ರ 12 ಮೊಳ, 5.4 ಮೀಟರ್. 96 ಸಣ್ಣವು, 32 ದೊಡ್ಡವು ಕೂಡಿಸಿದ್ರ 432 ಮೀಟರ್. ಗಂಟು, ಸೂಜಿಯೊಳಗ ಉಳಿಯೋ ತುಂಡು, ಸಿಕ್ಕು ಬಿದ್ದಿದ್ದು ಅಂತ ಹಿಡದ್ರ 500 ಮೀಟರ್. ನಾವು ತಂದ ಉಂಡಿ 250 ಮೀಟರಿಂದು, 40 ರೂಪಾಯಿ, ಎರಡು ಉಂಡಿ 80 ರೂಪಾಯಿ. ಅಂದ್ರ ಸಣ್ಣ ಹಾರಕ್ಕ ದಾರ 50 ಪೈಸಾ, ದೊಡ್ಡದಕ್ಕ 1 ರೂಪಾಯಿ.

ಇಷ್ಟ ಇದ್ರ ದಾರದ ಮಾತು ಯಾಕ ಅಂತೀರಿ? ದಾರ ಉಳಸಾಕ ಹೋಗಿ ಹೂ ಕಳ್ಕೊಳ್ಳೋರು ಭಾಳ ಮಂದಿ ಅದಾರ. ಒಂಟಿ ಎಳಿ ಹಾಕಿದ್ರ ಇಡೀ ದಿನಕ್ಕ 40 ರೂಪಾಯಿ ಉಳಿತೈತಿ. ಆದ್ರ ಚೆಂಡುಹೂವಿನ ತೊಟ್ಟಿನ ಬುಡ ಗಟ್ಟಿ, ಸಣ್ಣ ದಾರ ಅದರಾಗ ಎಳದೆಳದು ಸವಿತೈತಿ, ಐದು ಮೊಳದ ಹಾರ ಅರ್ಧ ಕಿಲೋಕಿಂತ ಜಾಸ್ತಿ ಭಾರ, ಗಿರಾಕಿ ಕಾರಿನ ಮುಂದ ಜಗ್ಗಿ ಕಟ್ಟೋ ಮುಂದ ಪಟ್ ಅಂತ ಹರಿತು ಅಂದ್ರ ಆ ಒಂದ ಹಾರದಾಗ 58 ರೂಪಾಯಿ ಹೂ ರೋಡಿಗೆ ಹೋತು. ಬದಲಿ ಹಾರ ಕೊಡಬೇಕು, ಇಲ್ಲಾ ರೊಕ್ಕ ವಾಪಸ್. ಇಡೀ ದಿನ ಉಳಿಸಿದ ದಾರದ ರೊಕ್ಕ ಒಂದ ಹಾರಕ್ಕ ಮುಗೀತು. ಬಾಲ ಗಿಡ್ಡ ಬಿಟ್ರೂ ಅದ ಕಥಿ, ಕಟ್ಟಾಕ ಬರಲಿಲ್ಲ ಅಂದ್ರ ಗಿರಾಕಿ ತುದಿಯಿಂದ ನಾಕು ಹೂ ಕಿತ್ತು ಕಟ್ಟತಾನ, ಮುಂದಿನ ವರ್ಷ ನಮ್ಮ ಕಡೆ ಬರಂಗಿಲ್ಲ.

ದೊಡ್ಡ ಖರ್ಚು ಇರೋದು ಕೈಕೆಲಸದಾಗ. ಸಣ್ಣ ಹಾರ ಒಂದಕ್ಕ ಐದು ನಿಮಿಷ, ದೊಡ್ಡದಕ್ಕ 12 ನಿಮಿಷ ಹಿಡದ್ರ ಒಟ್ಟು 14 ತಾಸಿನ ಮ್ಯಾಲ ಆಗ್ತೈತಿ. ಒಬ್ರಿಂದ ಆಗೋ ಮಾತಲ್ಲ, ಓಣಿ ಹೆಣ್ಣಮಕ್ಕಳು ಇಬ್ರು ಬಂದಿದ್ರು, ಮೊಳಕ್ಕ 2 ರೂಪಾಯಿ. 352 ಮೊಳಕ್ಕ 704. ಇದರಾಗ ಸ್ವಲ್ಪ ಚಿಗವ್ವ ತಾನೂ ಕಟ್ಟಿದ್ಲು, ಅದನ್ನೂ ನಾನು ಖರ್ಚಿನಾಗ ಹಿಡದೀನಿ. ಮನಿ ಮಂದಿ ಕೆಲಸ ಪುಕ್ಕಟ ಅಂತ ಬಿಟ್ರ ಲಾಭ ದೊಡ್ಡದು ಕಾಣ್ತೈತಿ, ಆದ್ರ ಅದು ಲಾಭ ಅಲ್ಲ, ಅಕಿ ಕೂಲಿ. ಎರಡು ಸರ್ತಿ ಆಟೋಕ್ಕ 150ರಂಗ 300, ಕುಂಡ್ರೋ ಜಾಗಾದ ಚೀಟಿ 50, ಚಾ ನಾಷ್ಟಾ 150, ಇದು 500.

ಎಲ್ಲಾ ಕೂಡಿಸಿದ್ರ ಹೂ 4100, ದಾರ 80, ಕಟ್ಟೋ ಕೂಲಿ 704, ಉಳಿದಿದ್ದು 500, ಒಟ್ಟು 5384 ರೂಪಾಯಿ. 352 ಮೊಳಕ್ಕ ಹಂಚಿದ್ರ ಮೊಳಕ್ಕ 15 ರೂಪಾಯಿ 30 ಪೈಸಾ. ಈ ಒಂದ ನಂಬರ್ ತಲಿಯಾಗ ಇದ್ರ ಸಾಕು, ಸಣ್ಣ ಹಾರ ನಮಗ ಬಿದ್ದಿದ್ದು ಹೆಚ್ಚು ಕಡಿಮಿ 31, ದೊಡ್ಡದು 76 ರೂಪಾಯಿ. ಕಿಲೋಕ್ಕ 70 ಅಂತ ಹಿಡದು ಪಾವ್ ಕಿಲೋಕ್ಕ ಹದಿನೇಳೂವರಿ ಅಂತ ಮಂದಿ ಲೆಕ್ಕ ಹಾಕಿದ ಹಾರ, ಕೈಗೆ ಬರೋದ್ರಾಗ 31 ಆಗಿತ್ತು.

ಈಗ ಮಾರಾಟ. ಎಲ್ಲಾ ಹಾರನೂ ಮುಂಜಾನಿ ರೇಟಿಗೆ ಹೋದ್ರ, ಸಣ್ಣದು 60, ದೊಡ್ಡದು 150, ಒಟ್ಟು 10,560 ಬರಬೇಕು, 5176 ಉಳಿಬೇಕು. ಇದು ಮನಸಿನ್ಯಾಗ ಹಾಕೋ ಲೆಕ್ಕ. ಖರೆ ದಿನ ಹಂಗ ನಡ್ಯಂಗಿಲ್ಲ, ಯಾಕಂದ್ರ ಹಾರದ ಕಿಮ್ಮತ್ತು ಗಡಿಯಾರದ ಜೊತಿಗೆ ಇಳಿತೈತಿ. ಮುಂಜಾನಿ ಎಲ್ಲಾರಿಗೂ ಪೂಜಾ ಮುಗಿಸೋ ಗಡಿಬಿಡಿ, 6ಕ್ಕ ಬೋಣಿಗಿ ಆದದ್ದು 12ರ ತನಕ ಸಣ್ಣವು 56, ದೊಡ್ಡವು 14 ಹೋದ್ವು, ಚೌಕಾಶಿ ಮಾಡಾಕ ಯಾರಿಗೂ ಪುರಸೊತ್ತಿರಲಿಲ್ಲ. 3360 ಮತ್ತ 2100, ಡಬ್ಬಿಯಾಗ 5460. ನಾನು ಖುಷಿಯಿಂದ ಕೂಡಿಸಿ ನೋಡಿದ್ರ, ಖರ್ಚು 5384 ಇತ್ತಲ್ಲ, ಅರ್ಧಕ್ಕ ಮಿಕ್ಕಿ ಮಾಲ್ ಮಾರಿದ ಮ್ಯಾಲ ನಾವು ಗಳಿಸಿದ್ದು 76 ರೂಪಾಯಿ! ಮುಂಜಾನಿ ಪೂರ್ತಿ ವ್ಯಾಪಾರ ಹಾಕಿದ ಗಂಟು ತಗಿಯಾಕ ಹೋಗಿತ್ತು. ಲಾಭ ಅನ್ನೋದು ಇನ್ನ ಉಳಿದ 40 ಸಣ್ಣವು, 18 ದೊಡ್ಡವರಾಗ ಕುಂತಿತ್ತು, ಅವನ್ನ ನಾವು ಇಳಿಯೋ ರೇಟಿನ್ಯಾಗ ಮಾರಬೇಕಿತ್ತು.

ಮಧ್ಯಾಹ್ನ ಸಣ್ಣದು 50, ದೊಡ್ಡದು 120ಕ್ಕ ಇಳಿಸಿದ್ವಿ. 22 ಸಣ್ಣವು, 8 ದೊಡ್ಡವು ಹೋದ್ವು, 2060 ಬಂತು. ಫ್ಯಾಕ್ಟರಿ, ಗ್ಯಾರೇಜ್, ಅಂಗಡಿ ಮಂದಿ ಕೆಲಸ ಮುಗಿಸಿ ಮಧ್ಯಾಹ್ನದ ಮ್ಯಾಲ ಪೂಜಾ ಮಾಡ್ತಾರ, ಇವರ ದೊಡ್ಡ ಹಾರದ ಗಿರಾಕಿ. ಸಂಜಿ 5ರ ಮ್ಯಾಲ 30ಕ್ಕ ಸಣ್ಣದು, 70ಕ್ಕ ದೊಡ್ಡದು, 10 ಮತ್ತ 4 ಹೋದ್ವು, 580. ರಾತ್ರಿ ಡಬ್ಬಿ ಎಣಿಸಿದ್ರ 8100. ಖರ್ಚು ತಗದ್ರ 2716. ಸಣ್ಣವು 8, ದೊಡ್ಡವು 6 ಉಳಿದಿದ್ವು.

ಸಂಜಿಕೆ 30ಕ್ಕ ಮಾರೋ ಹೊತ್ತಿನ್ಯಾಗ ನಾನು ಅಡ್ಡ ಹಾಕಿದ್ದೆ, "ಚಿಗವ್ವಾ, ನಮಗ 31 ಬಿದ್ದೈತಿ, ಲುಕ್ಸಾನ ಆತಲ್ಲ." ಅಕಿ ಹೇಳಿದ್ದು ಈ ವ್ಯಾಪಾರದ ತಿರುಳು. "31 ಮುಂಜಾನಿನ ಹೋತು ತಮ್ಮಾ, ಈಗ ಈ ಹಾರ ಇಟ್ಕೊಂಡ್ರ ನಾಳಿಗೆ ಎಷ್ಟು ಬರ್ತೈತಿ ಅದನ್ನ ಹೇಳು." ಹಾಕಿದ ಖರ್ಚು ವಾಪಸ್ ಬರಂಗಿಲ್ಲ, ಮಾರಿದ್ರೂ ಅಷ್ಟ, ಬಿಟ್ರೂ ಅಷ್ಟ. ಸಂಜಿ ರೇಟನ್ನ ಹೋಲಸಬೇಕಾಗಿದ್ದು 31ಕ್ಕ ಅಲ್ಲ, ನಾಳಿನ ರೇಟಿಗೆ. ಮರುದಿನ ಬನ್ನಿ ಹಬ್ಬ, ಬಾಗಲಕ್ಕ ಕಟ್ಟಾಕ ಬಾಡಿದ ಹಾರನೂ ಮೊಳಕ್ಕ 10ರಂಗ ಕೆಲವರು ತಗೋತಾರ, ಅಂದ್ರ ಸಣ್ಣ ಹಾರಕ್ಕ ಭಾಳ ಆದ್ರ 20, ಅದೂ ಹೋದ್ರ. 20ಕ್ಕಿಂತ ಮ್ಯಾಲ ಯಾವ ರೇಟ್ ಬಂದ್ರೂ ಸಂಜಿಕೆ ಕೊಡೋದ ಛಲೋ. ಆದ್ರ ಇದ ಮಾತು ಮುಂಜಾನಿ 8ಕ್ಕ ನಡ್ಯಂಗಿಲ್ಲ, ಆಗ 40ಕ್ಕ ಕೊಟ್ರ ಆ ಹಾರ 60ಕ್ಕ ಒಯ್ಯೋ ಗಿರಾಕಿ ಹಿಂದ ನಿಂತಿರ್ತಾನ. ಮುಂಜಾನಿ ಬಿಗಿ ಹಿಡಿಬೇಕು, ಸಂಜಿಕೆ ಕೈ ಸಡಿಲ ಬಿಡಬೇಕು. ಭಾಳ ಮಂದಿ ಉಲ್ಟಾ ಮಾಡ್ತಾರ, ಮುಂಜಾನಿ ಹೆದರಿ ಇಳಸ್ತಾರ, ಸಂಜಿಕೆ ಹಟ ಹಿಡದು ಇಟ್ಕೊಂಡು ಕುಂಡ್ರತಾರ.

ಹಂಗಾದ್ರ ಎಷ್ಟು ಕಿಲೋ ತರಬೇಕು? ಇದಕ್ಕ ಸರಾಸರಿ ಲಾಭ ನೋಡಬಾರದು, ಕಟ್ಟಕಡೀ ಕಿಲೋ ನೋಡಬೇಕು. ಆರಿಸಿದ ಒಂದು ಕಿಲೋ ಹೂವಿಗೆ 93, ಕೂಲಿ 16, ದಾರ 2, ಒಟ್ಟು 111. ಆಟೋ ಮತ್ತ ಜಾಗಾದ ಚೀಟಿ ಒಂದು ಕಿಲೋ ಜಾಸ್ತಿ ತಂದ್ರೂ ಅಷ್ಟ, ಅದಕ್ಕ ಅವನ್ನ ಬಿಡ್ರಿ. ಆ ಕಡೀ ಕಿಲೋದ ನಾಕು ಹಾರ ಸಂಜಿ 30ಕ್ಕ ಹೋದ್ರ 120, ಬರೇ 9 ರೂಪಾಯಿ ಲಾಭ. ಉಳಿದು ಮರುದಿನ ಹೋದ್ರ 80, 31 ಲುಕ್ಸಾನ. ಹೋಗದಿದ್ರ 111 ಪೂರಾ ಹೋತು. ನಮ್ಮ ಉಳಿದ 14 ಹಾರ ಅಂದ್ರ 46 ಮೊಳ, ಖರೀದಿ ತೂಕದಾಗ ಆರೂವರಿ ಕಿಲೋ. ಅಷ್ಟು ನಾವು ಜಾಸ್ತಿ ತಂದಿದ್ವಿ. ಅದರಾಗೂ ದೊಡ್ಡ ಹಾರದಾಗ ಪೆಟ್ಟು ಬಿತ್ತು, 32ರಾಗ 6 ಉಳಿದ್ವು, ಒಂದು ದೊಡ್ಡ ಹಾರ ಉಳದ್ರ ಎರಡೂವರಿ ಸಣ್ಣ ಹಾರ ಉಳಿದಂಗ.

ಇದಕ್ಕ ನಾವು ಕಂಡ್ಕೊಂಡ ದಾರಿ, ಎಲ್ಲಾ ಹೂ ರಾತ್ರಿನ ಪೋಣಿಸಬಾರದು. ಪೋಣಿಸಿದ ಹೂ ಹಾರ ಆಗಿ ಅಷ್ಟ ಮಾರ್ತೈತಿ. ಬಿಡಿ ಹೂ ಇದ್ರ ಅದರಿಂದ ಬೇಕಾದ ಸೈಜ್ ಹಾರ ಆಗ್ತೈತಿ, ಪೂಜಾಕ್ಕ ಬಿಡಿಯಾಗಿ ಪಾವ್ ಕಿಲೋ 30ಕ್ಕ ಹೋಗ್ತೈತಿ, ಅಂದ್ರ ಕಿಲೋಕ್ಕ 120, ಕೂಲಿ ಇಲ್ಲ, ದಾರ ಇಲ್ಲ, ಹೂವಿನ 93 ತಗದ್ರ 27 ಉಳಿತೈತಿ. ಹಾರದ ಲಾಭ ಇದಕ್ಕಿಂತ ದೊಡ್ಡದು ಖರೆ, ಆದ್ರ ಅದು ಮುಂಜಾನಿ ಮಾತು. ಮಧ್ಯಾಹ್ನದ ಮ್ಯಾಲ ಉಳಿಯೋ ಹೂವಿಗೆ 27 ಛಲೋ ರೊಕ್ಕ. ಹಿಂಗಾಗಿ ಈ ಸರ್ತಿ 44 ಕಿಲೋ ತರೋದು, 10 ಕಿಲೋ ಪೋಣಿಸ್ದ ಹರವಿ ಇಡೋದು, ದೊಡ್ಡ ಹಾರ 20 ಅಷ್ಟ ಮೊದಲ ಕಟ್ಟೋದು, ಉಳಿದಿದ್ದು ಗಿರಾಕಿ ಬಂದು ಕೇಳಿದ ಮ್ಯಾಲ ಅಂತ ಮಾಡೀವಿ. ಕೇಳಿದ ಮ್ಯಾಲ 12 ನಿಮಿಷ ನಿಲ್ಲಾಕ ಟ್ರ್ಯಾಕ್ಟರ್ ಮಂದಿ ಒಪ್ತಾರ, ಬೈಕಿನವರು ಒಪ್ಪಂಗಿಲ್ಲ, ಅದಕ್ಕ ಸಣ್ಣವು ಮಾತ್ರ ರೆಡಿ ಇರಬೇಕು.

ಉಳಿದ 46 ಮೊಳದಾಗ ಬನ್ನಿ ದಿನ 20 ಮೊಳ ಹೋತು, 200 ರೂಪಾಯಿ ಬಂತು. ಉಳಿದ 26 ಮೊಳ ಗುಡಿಗೆ ಕೊಟ್ವಿ. ಕೊನಿಗೆ ನೋಟ್‌ಬುಕ್ಕಿನ್ಯಾಗ ಬರದ ನಂಬರ್ 2916. ರಾತ್ರಿ 9ಕ್ಕ ಚೀಲ ಇಳಿಸಿಕೊಂಡಾಗಿಂದ ಮರುದಿನ ರಾತ್ರಿ 9ಕ್ಕ ಡಬ್ಬಿ ಮುಚ್ಚೋ ತನಕ 24 ತಾಸು, ಅದರಾಗ ಚಿಗವ್ವ ಮಲಗಿದ್ದು ನಸಕಿನ 2ರಿಂದ 4ರ ತನಕ.